ವಾರದ 168 ಗಂಟೆಗಳಲ್ಲಿ ಮೂರು ಗಂಟೆ

ದಿನಕ್ಕೆ ಎಷ್ಟು ಕ್ಯಾಲರಿ ತಿನ್ನಬಹುದು ಎಂದು ಲೆಕ್ಕ ಹಾಕಿಕೊಡುವ ಆ್ಯಪ್‌ಗಳೆಲ್ಲ ಮೊದಲು ವಯಸ್ಸು, ಎತ್ತರ, ತೂಕ ಕೇಳುತ್ತವೆ. ಅವನ್ನು ತುಂಬುವುದರಲ್ಲಿ ಯಾರೂ ತಪ್ಪುವುದಿಲ್ಲ. ಆಮೇಲೆ ಬರುವ ಪ್ರಶ್ನೆಯಲ್ಲೇ ಲೆಕ್ಕ ದಾರಿ ತಪ್ಪುವುದು: ನಿಮ್ಮ ಚಟುವಟಿಕೆಯ ಮಟ್ಟ ಎಷ್ಟು? ವ್ಯಾಯಾಮ ಮಾಡದವರಿಗೆ 1.2, ವಾರಕ್ಕೆ ಒಂದರಿಂದ ಮೂರು ದಿನ ಮಾಡುವವರಿಗೆ 1.375, ಮೂರರಿಂದ ಐದು ದಿನದವರಿಗೆ 1.55, ಆರೇಳು ದಿನದವರಿಗೆ 1.725 ಎಂದು ಉತ್ತರಗಳೂ ಅಲ್ಲೇ ಸಿದ್ಧವಾಗಿರುತ್ತವೆ. ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುವ ಸಾಫ್ಟ್‌ವೇರ್ ಉದ್ಯೋಗಿ ಯಾವ ಅನುಮಾನವೂ ಇಲ್ಲದೆ 1.55 ಆರಿಸಿಕೊಳ್ಳುತ್ತಾರೆ. ಅವರು ಸುಳ್ಳು ಹೇಳಿಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದ್ದಾರೆ. ತಪ್ಪಿರುವುದು ಪ್ರಶ್ನೆಯಲ್ಲಿ.

ಈ ಸಂಖ್ಯೆ ಒಂದು ಗುಣಕ. ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯ, ಮಿದುಳು, ಯಕೃತ್ತಿಗೆಂದು ದೇಹ ದಿನಕ್ಕೆ ಖರ್ಚು ಮಾಡುವ ಶಕ್ತಿಗೆ ಬಿಎಂಆರ್ ಎನ್ನುತ್ತಾರೆ. ಅದನ್ನು ಗುಣಕದಿಂದ ಗುಣಿಸಿದರೆ ಇಡೀ ದಿನದ ಖರ್ಚು ಸಿಗುತ್ತದೆ. ಅಂದರೆ ಗುಣಕ ಹೇಳಬೇಕಾದದ್ದು ಇಪ್ಪತ್ನಾಲ್ಕು ಗಂಟೆಯ ಸರಾಸರಿಯನ್ನು. ನಿದ್ದೆ, ಕುರ್ಚಿ, ಬಸ್ಸು, ಅಡುಗೆಮನೆ, ಟಿವಿ ಎಲ್ಲವೂ ಅದರಲ್ಲಿ ಬರಬೇಕು. ಆದರೆ ಆ್ಯಪ್ ಕೇಳುವುದು ಜಿಮ್‌ ಬಗ್ಗೆ ಮಾತ್ರ. ನಲವತ್ತೈದು ನಿಮಿಷದಂತೆ ನಾಲ್ಕು ದಿನವೆಂದರೆ ಮೂರು ಗಂಟೆ. ವಾರದಲ್ಲಿ ಇರುವುದು 168 ಗಂಟೆ. ಉಳಿದ 165 ಗಂಟೆ ಹೇಗೆ ಕಳೆಯಿತೆಂದು ಯಾರೂ ಕೇಳಲಿಲ್ಲ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ಒಬ್ಬ ಪುರುಷ ಉದ್ಯೋಗಿ. ವಯಸ್ಸು 35, ಎತ್ತರ 172 ಸೆಂ.ಮೀ., ತೂಕ 75 ಕಿಲೊ. ಇಂದು ಹೆಚ್ಚಿನ ಆ್ಯಪ್‌ಗಳು ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸೂತ್ರವನ್ನು. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು, ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಗಂಡಸಾದರೆ ಇದಕ್ಕೆ 5 ಸೇರಿಸಬೇಕು, ಹೆಂಗಸಾದರೆ 161 ಕಳೆಯಬೇಕು. ನಮ್ಮ ಉದ್ಯೋಗಿಗೆ ಬರುವ ಬಿಎಂಆರ್ 1,655 ಕ್ಯಾಲರಿ. 1.55ರಿಂದ ಗುಣಿಸಿದರೆ 2,565. ತೂಕ ಏರದಂತೆ ದಿನಕ್ಕೆ ಇಷ್ಟು ತಿನ್ನಬಹುದು ಎಂದು ಆ್ಯಪ್ ಹೇಳುತ್ತದೆ.

ಈಗ ಅದೇ ವ್ಯಕ್ತಿಯ ದಿನವನ್ನು ಗಂಟೆ ಗಂಟೆಯಾಗಿ ಎಣಿಸೋಣ. ಪೋಷಣಾ ತಜ್ಞರು ಒಂದೊಂದು ಕೆಲಸಕ್ಕೂ ಒಂದೊಂದು ಅಂಕಿ ಇಟ್ಟುಕೊಂಡಿದ್ದಾರೆ. ಸುಮ್ಮನೆ ಮಲಗಿರುವಾಗಿನ ಖರ್ಚನ್ನು 1 ಎಂದುಕೊಂಡರೆ ಆ ಕೆಲಸಕ್ಕೆ ಅದರ ಎಷ್ಟು ಪಟ್ಟು ಬೇಕು ಎಂಬುದೇ ಆ ಅಂಕಿ. ಏಳೂವರೆ ಗಂಟೆ ನಿದ್ದೆಗೆ 1. ಎಂಟೂವರೆ ಗಂಟೆ ಕೀಬೋರ್ಡು, ಮೀಟಿಂಗುಗಳಿಗೆ 1.4. ಒಂದೂವರೆ ಗಂಟೆ ಕ್ಯಾಬಿನಲ್ಲೋ ಬಸ್ಸಿನಲ್ಲೋ ಕುಳಿತು ಬರುವುದಕ್ಕೆ 1.3. ಸ್ನಾನ, ಊಟ, ಸಣ್ಣಪುಟ್ಟ ಮನೆಗೆಲಸದ ಎರಡು ಗಂಟೆಗೆ 2. ಕ್ಯಾಂಟೀನು, ಲಿಫ್ಟು, ಪಾರ್ಕಿಂಗು, ಅಂಗಡಿ ಎಂದು ಅಲ್ಲಲ್ಲಿ ನಡೆಯುವ ಒಂದು ಗಂಟೆಗೆ 3. ಮೂರೂವರೆ ಗಂಟೆ ಸೋಫಾ ಮತ್ತು ಫೋನಿಗೆ 1.2. ಗಂಟೆಗಳನ್ನು ಅಂಕಿಗಳಿಂದ ಗುಣಿಸಿ ಕೂಡಿದರೆ 32.55 ಬರುತ್ತದೆ. 24ರಿಂದ ಭಾಗಿಸಿದರೆ 1.36. ಇದು ಜಿಮ್ ಇಲ್ಲದ ದಿನದ ಗುಣಕ.

ಜಿಮ್ ದಿನ ಸೋಫಾದ ಮುಕ್ಕಾಲು ಗಂಟೆ ಹೋಗಿ ಆ ಜಾಗಕ್ಕೆ ವ್ಯಾಯಾಮ ಬರುತ್ತದೆ. ಸ್ವಲ್ಪ ಟ್ರೆಡ್‌ಮಿಲ್, ಸ್ವಲ್ಪ ವೇಟ್ಸ್, ನಡುವೆ ಒಂದೊಂದು ಸೆಟ್ಟಿಗೂ ವಿಶ್ರಾಂತಿ. ಇದಕ್ಕೆ ಸರಾಸರಿ 5 ಎಂದಿಟ್ಟರೆ ಉದಾರವಾಗಿಯೇ ಕೊಟ್ಟಂತೆ. ಆಗ ಆ ದಿನದ ಗುಣಕ 1.48ರ ಹತ್ತಿರ ಬರುತ್ತದೆ. ಆದರೆ ವಾರದಲ್ಲಿ ಜಿಮ್ ಇಲ್ಲದ ಮೂರು ದಿನವೂ ಉಂಟಲ್ಲ. ಏಳು ದಿನಕ್ಕೆ ಹಂಚಿದರೆ ಸರಾಸರಿ 1.42. ದಿನದ ನಿಜವಾದ ಖರ್ಚು ಸುಮಾರು 2,355 ಕ್ಯಾಲರಿ. ಆ್ಯಪ್ ಹೇಳಿದ್ದಕ್ಕೂ ಇದಕ್ಕೂ ದಿನಕ್ಕೆ ಸುಮಾರು 210 ಕ್ಯಾಲರಿ ವ್ಯತ್ಯಾಸವಿದೆ.

ಒಂದು ಜಿಮ್ ಅವಧಿಯಿಂದ ಹೆಚ್ಚುವರಿಯಾಗಿ ಖರ್ಚಾದದ್ದು 200 ಕ್ಯಾಲರಿಗಿಂತ ಕೊಂಚ ಕಡಿಮೆ. ಒಂದು ಹಿಡಿ, ಅಂದರೆ 35 ಗ್ರಾಂ, ಹುರಿದ ಶೇಂಗಾದಲ್ಲಿ ಅಷ್ಟೇ ಕ್ಯಾಲರಿ ಇರುತ್ತದೆ. ಬೆವರು, ಏದುಸಿರು, ಮರುದಿನದ ಮೈಕೈ ನೋವು ಎಲ್ಲ ಅನುಭವಿಸಿದವರಿಗೆ ಇದನ್ನು ನಂಬುವುದು ಕಷ್ಟ. ಆದರೆ ದೇಹಕ್ಕೆ ಎಷ್ಟು ಶ್ರಮವಾಯಿತು ಎಂಬುದೇ ಬೇರೆ, ಎಷ್ಟು ಶಕ್ತಿ ಖರ್ಚಾಯಿತು ಎಂಬುದೇ ಬೇರೆ. ಭಾರ ಎತ್ತುವಾಗ ನಿಜಕ್ಕೂ ಸ್ನಾಯು ದುಡಿಯುವುದು ಆ ನಲವತ್ತೈದು ನಿಮಿಷದಲ್ಲಿ ಸ್ವಲ್ಪವೇ ಹೊತ್ತು.

ಈ ವ್ಯಕ್ತಿ 1.55 ಮುಟ್ಟಬೇಕಾದರೆ ಏನು ಮಾಡಬೇಕು? ಅದೇ ಲೆಕ್ಕವನ್ನು ಹಿಂದಿನಿಂದ ಹಾಕಿದರೆ ಉತ್ತರ ಸಿಗುತ್ತದೆ. ಅದೇ ತೀವ್ರತೆಯ ವ್ಯಾಯಾಮವನ್ನು ದಿನಕ್ಕೆ ಒಂದು ಗಂಟೆ ಹದಿಮೂರು ನಿಮಿಷ, ವಾರದ ಏಳೂ ದಿನ ಮಾಡಬೇಕು. ನಾಲ್ಕು ದಿನದ ಮೂರು ಗಂಟೆಯ ಜಾಗದಲ್ಲಿ ಎಂಟೂವರೆ ಗಂಟೆ!

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರ ಸಮಿತಿಯ ವರದಿ 2004ರಲ್ಲಿ ಪ್ರಕಟವಾಯಿತು. ಅದೂ ಇದನ್ನೇ ಹೇಳುತ್ತದೆ. ಅದರ ಪ್ರಕಾರ 1.40ರಿಂದ 1.69ರವರೆಗಿನದು ಕುಳಿತು ಕೆಲಸ ಮಾಡುವ ಅಥವಾ ಹಗುರ ಚಟುವಟಿಕೆಯ ಬದುಕು. ಅಂದರೆ ಆ್ಯಪ್‌ಗಳು ‘ಮಾಡರೇಟ್ಲಿ ಆಕ್ಟಿವ್’ ಎಂದು ಕರೆಯುವ 1.55 ಈ ಪಟ್ಟಿಯಲ್ಲಿ ಕುಳಿತವರ ಗುಂಪಿಗೇ ಸೇರುತ್ತದೆ. ಚಟುವಟಿಕೆಯ ಬದುಕು ಶುರುವಾಗುವುದು 1.70ರಿಂದ. ಕಟ್ಟಡ ಕಾರ್ಮಿಕರು, ದೂರದಿಂದ ನೀರು ಹೊತ್ತು ತರುವ ಹಳ್ಳಿಯ ಹೆಂಗಸರು ಅದರಲ್ಲಿ ಬರುತ್ತಾರೆ. ಕುರ್ಚಿ ಕೆಲಸದವರು ಅಲ್ಲಿಗೆ ಏರುವುದಕ್ಕೂ ವರದಿ ದಾರಿ ತೋರಿಸಿದೆ. ದಿನಾ ಒಂದು ಗಂಟೆ ಓಟ, ಸೈಕಲ್‌ನಂಥ ಚುರುಕಾದ ವ್ಯಾಯಾಮ ಮಾಡಿದರೆ 1.55 ಇದ್ದದ್ದು 1.75 ಆಗಬಹುದು. ದಿನವೂ ಒಂದು ಗಂಟೆ ಬೆವರಿಳಿಸಿದರೆ ಗುಣಕ ಏರುವುದು 0.2 ಮಾತ್ರ. ವಾರಕ್ಕೆ ಮೂರು ಗಂಟೆಗೆ ಅದು 0.1ಕ್ಕಿಂತ ಹೆಚ್ಚು ಏರದಿರುವುದು ಸಹಜವೇ.

ನಮ್ಮ ದೇಶದ ಪಟ್ಟಿಯನ್ನೂ ನೋಡಬೇಕು. ಐಸಿಎಂಆರ್‌ಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿಗಳಂತೆ 65 ಕಿಲೊ ತೂಗುವ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2,110 ಕ್ಯಾಲರಿ, ಮಧ್ಯಮ ಶ್ರಮದವನಾದರೆ 2,710 ಕ್ಯಾಲರಿ ಬೇಕು. 55 ಕಿಲೊ ತೂಗುವ ಹೆಂಗಸಿಗೆ ಇದೇ ಕ್ರಮದಲ್ಲಿ 1,660 ಮತ್ತು 2,130. ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋದರೆ ಗಂಡಸಿಗೆ 600 ಕ್ಯಾಲರಿ ಹೆಚ್ಚುತ್ತದೆ, ಅಂದರೆ ಇನ್ನೊಂದು ಹೊತ್ತಿನ ಊಟದಷ್ಟು. ಇಲ್ಲಿ ಮಧ್ಯಮ ಶ್ರಮವೆಂದರೆ ಕೃಷಿ ಕಾರ್ಮಿಕರು, ಬಡಗಿಗಳು, ಗಾರೆ ಕೆಲಸದವರು ದಿನವಿಡೀ ಮಾಡುವಂಥದ್ದು. ಆಫೀಸು ಮುಗಿಸಿ ಮುಕ್ಕಾಲು ಗಂಟೆ ಜಿಮ್ ಮಾಡಿದವರು ಆ ಸಾಲಿಗೆ ಸೇರಿಕೊಳ್ಳುವುದು ನ್ಯಾಯವಲ್ಲ.

ಇಷ್ಟಾಗಿಯೂ ಆ್ಯಪ್‌ನಲ್ಲಿ 1.2 ಒತ್ತಿದರೆ ಸರಿಹೋಗುತ್ತದೆಯೇ? ಇಲ್ಲ. ಕುಳಿತು ಕೆಲಸ ಮಾಡುವ ಆರೋಗ್ಯವಂತರಿಗೆ 1.2 ತೀರ ಕಡಿಮೆ. ಅದು ಹೆಚ್ಚುಕಡಿಮೆ ಹಾಸಿಗೆ ಬಿಟ್ಟು ಏಳದವರ ಸಂಖ್ಯೆ. ಜನ ಎರಡು ಮೆಟ್ಟಿಲು ಮೇಲಕ್ಕೆ ಹಾರುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. 1.2 ಆರಿಸಿ ನಾಲ್ಕು ದಿನ ಕಡಿಮೆ ತಿಂದು ತಲೆ ಸುತ್ತಿದವರು, ಪಟ್ಟಿ ತಮ್ಮನ್ನು ಕೀಳಂದಾಜು ಮಾಡಿದೆ ಎಂದು ತೀರ್ಮಾನಿಸಿ ನೇರ 1.55ಕ್ಕೆ ಹೋಗುತ್ತಾರೆ. ಅವರ ಸಂಖ್ಯೆ ಇರುವುದು ಆ ಎರಡರ ನಡುವೆ.

ಗುಣಿಸುವ ಸಂಖ್ಯೆ ಹೀಗಾದರೆ, ಗುಣಿಸಲ್ಪಡುವ ಬಿಎಂಆರ್ ಕೂಡ ಅಳೆದು ಪಡೆದದ್ದಲ್ಲ, ಅಂದಾಜು. ಮಿಫ್ಲಿನ್ ಸೂತ್ರ ಹುಟ್ಟಿದ್ದು ಅಮೆರಿಕದ ಸುಮಾರು ಐನೂರು ಜನರನ್ನು ಅಳೆದು. ಅಂಥದೇ ಎತ್ತರ ಮತ್ತು ತೂಕದ ಯುರೋಪಿಯನ್ನರಿಗೆ ಹೋಲಿಸಿದರೆ ಭಾರತೀಯರ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ವಿಶ್ರಾಂತಿಯಲ್ಲೂ ಸ್ನಾಯುವಿಗೆ ಕೊಬ್ಬಿಗಿಂತ ಹೆಚ್ಚು ಶಕ್ತಿ ಬೇಕು. ಹೀಗಾಗಿ ಪಾಶ್ಚಾತ್ಯರ ಮೇಲೆ ರೂಪಿಸಿದ ಸೂತ್ರಗಳು ನಮ್ಮ ಬಿಎಂಆರನ್ನು ಹೆಚ್ಚಾಗಿ ತೋರಿಸುವ ಸಾಧ್ಯತೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಭಾರತೀಯರ ಬಿಎಂಆರನ್ನು ನೇರವಾಗಿ ಅಳೆದು ದಶಕಗಳಿಂದ ಈ ವಿಷಯದಲ್ಲಿ ಕೆಲಸ ಮಾಡುತ್ತಾ ಬಂದಿದ್ದಾರೆ. ನೂರು ಕ್ಯಾಲರಿ ಹೆಚ್ಚಿರುವ ಬಿಎಂಆರನ್ನು 1.55ರಿಂದ ಗುಣಿಸಿದರೆ ತಪ್ಪು 155 ಆಗುತ್ತದೆ. ಗುಣಕ ದೊಡ್ಡದಾದಷ್ಟೂ ಬುಡದ ತಪ್ಪೂ ದೊಡ್ಡದಾಗುತ್ತದೆ.

ಇನ್ನು ಕೈಗಡಿಯಾರದ ವಿಷಯ. ಹೊಟ್ಟೆಗೆ ಹೆಚ್ಚಿಗೆ ಹೋಗುವುದರಲ್ಲಿ ಇದರ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ. ಜಿಮ್ ಮುಗಿದ ಮೇಲೆ ವಾಚು 400 ಕ್ಯಾಲರಿ ಕರಗಿತೆಂದು ತೋರಿಸುತ್ತದೆ. ಅದನ್ನು ನೋಡಿದವರು ಆ ದಿನ 400 ಕ್ಯಾಲರಿ ಹೆಚ್ಚು ತಿನ್ನಬಹುದೆಂದು ಲೆಕ್ಕ ಹಾಕುತ್ತಾರೆ. ಕೆಲವು ಆ್ಯಪ್‌ಗಳು ತಾವೇ ಅದನ್ನು ದಿನದ ಮಿತಿಗೆ ಸೇರಿಸಿಬಿಡುತ್ತವೆ. ಆದರೆ 1.55 ಆರಿಸಿದಾಗಲೇ ಜಿಮ್ ಲೆಕ್ಕಕ್ಕೆ ಬಂದಿತ್ತು. ಒಂದೇ ವ್ಯಾಯಾಮವನ್ನು ಎರಡು ಸಲ ಜಮೆ ಮಾಡಿದಂತಾಯಿತು. ಸಾಲದ್ದಕ್ಕೆ ಆ ನಾನೂರರಲ್ಲಿ ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚು ಐವತ್ತಕ್ಕಿಂತ ಹೆಚ್ಚು ಸೇರಿರಬಹುದು.

ವಾಚಿನ ಅಂಕಿಯನ್ನು ಎಷ್ಟು ನಂಬಬಹುದು? ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಏಳು ಬಗೆಯ ಕೈಪಟ್ಟಿಗಳನ್ನು 60 ಮಂದಿಗೆ ಕಟ್ಟಿ ಪರೀಕ್ಷಿಸಿತು. ಹೃದಯ ಬಡಿತವನ್ನು ಏಳರಲ್ಲಿ ಆರು ಚೆನ್ನಾಗಿಯೇ ಅಳೆದವು, ತಪ್ಪು ಶೇಕಡಾ 5ರೊಳಗಿತ್ತು. ಕ್ಯಾಲರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದು ಕೂಡ ಸರಾಸರಿ ಶೇಕಡಾ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93ರಷ್ಟು. ಭಾರ ಎತ್ತುವಾಗ ತೊಡಕು ಇನ್ನೂ ಹೆಚ್ಚು. ಉಸಿರು ಬಿಗಿಹಿಡಿದು ಒತ್ತುವಾಗ ರಕ್ತದೊತ್ತಡ, ಬಡಿತ ಎರಡೂ ಏರುತ್ತವೆ, ಆದರೆ ಓಟದಲ್ಲಿ ಅದೇ ಬಡಿತಕ್ಕೆ ಬೇಕಾಗುವಷ್ಟು ಆಮ್ಲಜನಕ ಖರ್ಚಾಗುವುದಿಲ್ಲ. ಬಡಿತ ನೋಡಿ ಕ್ಯಾಲರಿ ಊಹಿಸುವ ಯಂತ್ರಕ್ಕೆ ಈ ಭೇದ ಸುಲಭವಾಗಿ ತಿಳಿಯದು.

ವಾಚಿಲ್ಲದೆ ಮನಸ್ಸಿನಲ್ಲೇ ಅಂದಾಜು ಮಾಡಿದರೆ ಸ್ಥಿತಿ ಇನ್ನೂ ಕಷ್ಟ. ಕೆನಡಾದ ಸಂಶೋಧಕರು 2010ರಲ್ಲಿ ಸಾಮಾನ್ಯ ತೂಕದ ಹದಿನಾರು ಮಂದಿಯನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಅವರಿಂದ ಒಂದು ಸಲ 200, ಇನ್ನೊಂದು ಸಲ 300 ಕ್ಯಾಲರಿ ಖರ್ಚು ಮಾಡಿಸಿದರು. ಎಷ್ಟು ಖರ್ಚಾಗಿರಬಹುದೆಂದು ಕೇಳಿದಾಗ ಅವರು ನಿಜಕ್ಕಿಂತ ಮೂರು ನಾಲ್ಕು ಪಟ್ಟು ಹೇಳಿದರು. ಖರ್ಚಾದಷ್ಟನ್ನೇ ತಿನ್ನಿ ಎಂದು ಊಟದ ಮುಂದೆ ಕೂರಿಸಿದಾಗ ಎರಡು ಮೂರು ಪಟ್ಟು ತಿಂದರು.

ನಮ್ಮ ಉದ್ಯೋಗಿಗೆ ಮರಳೋಣ. ಗುಣಕದಿಂದ ದಿನಕ್ಕೆ 210 ಕ್ಯಾಲರಿ ಹೆಚ್ಚು. ವಾಚು ನೋಡಿ ವಾರಕ್ಕೆ ನಾಲ್ಕು ಸಲ ತಿಂದ 400ನ್ನು ಏಳು ದಿನಕ್ಕೆ ಹಂಚಿದರೆ ಇನ್ನೂ ಸುಮಾರು 230. ಒಟ್ಟು 440. ದೇಹದ ಒಂದು ಕಿಲೊ ಕೊಬ್ಬು ಸುಮಾರು 7,700 ಕ್ಯಾಲರಿಗೆ ಸಮ. ಹಾಗಾದರೆ ವಾರಕ್ಕೆ 400 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೊಗಿಂತ ಹೆಚ್ಚು. ಮೈ ಭಾರವಾದಂತೆ ಖರ್ಚೂ ಏರುವುದರಿಂದ ಈ ವೇಗ ಹಾಗೇ ಉಳಿಯುವುದಿಲ್ಲ, ಆದರೆ ಮೊದಲ ತಿಂಗಳುಗಳಲ್ಲಿ ಹೀಗೇ ನಡೆಯುತ್ತದೆ. ಜಿಮ್ ಸೇರಿದ ಮೇಲೆ ಪ್ಯಾಂಟು ಬಿಗಿಯಾಯಿತು ಎನ್ನುವವರಿಗೆ ‘ಅದೆಲ್ಲ ಸ್ನಾಯು ಬಿಡಿ’ ಎಂದು ಸಮಾಧಾನ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಸ್ನಾಯು ಸೊಂಟದ ಸುತ್ತ ಅಷ್ಟೊಂದು ಬೆಳೆಯುವುದಿಲ್ಲ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಅಳೆದರೆ ಅನುಮಾನ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಸೋರಿಕೆಯನ್ನೂ ಹೇಳಬೇಕು. ವ್ಯಾಯಾಮದ ದಿನ ದೇಹ ಉಳಿದ ಹೊತ್ತಿನಲ್ಲಿ ಮಿತವ್ಯಯ ಮಾಡುತ್ತದೆ. ಬೆಳಿಗ್ಗೆ ಓಡಿದವರು ಸಂಜೆ ಮೆಟ್ಟಿಲ ಬದಲು ಲಿಫ್ಟ್ ಹಿಡಿಯುತ್ತಾರೆ, ಭಾನುವಾರದ ಮಧ್ಯಾಹ್ನ ಮಲಗಿ ಕಳೆಯುತ್ತಾರೆ. ಹೆಚ್ಚಿನವರಿಗೆ ಇದು ಗೊತ್ತೂ ಆಗುವುದಿಲ್ಲ. ಐಸೋಟೋಪು ಬೆರೆಸಿದ ನೀರು ಕುಡಿಸಿ ದಿನದ ಒಟ್ಟು ಖರ್ಚನ್ನು ನೇರವಾಗಿ ಅಳೆಯುವ ವಿಧಾನವೊಂದಿದೆ. ಹಾಗೆ ಅಳೆದ ಸಾವಿರಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಟುವಟಿಕೆಯಿಂದ ಖರ್ಚಾಗುವ ಹೆಚ್ಚುವರಿ ಶಕ್ತಿಯಲ್ಲಿ ಸರಾಸರಿ ಶೇಕಡಾ 28ರಷ್ಟನ್ನು ದೇಹ ಬೇರೆ ಕಡೆ ಉಳಿಸಿಕೊಳ್ಳುತ್ತದೆ. ನೂರು ಕರಗಿಸಿದರೆ ದಿನದ ಮೊತ್ತಕ್ಕೆ ಸೇರುವುದು 72. ಹಾಗಾಗಿ ಮೇಲೆ ಲೆಕ್ಕ ಹಾಕಿದ 1.42 ಕೂಡ ಸ್ವಲ್ಪ ಧಾರಾಳದ್ದೇ.

ಇಷ್ಟೆಲ್ಲ ಅಂದಾಜುಗಳ ಮೇಲೆ ನಿಲ್ಲುವ ಬದಲು ಸ್ವಂತ ಗುಣಕವನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಬೇಕಾದದ್ದು ತೂಕದ ಯಂತ್ರ, ಅಡುಗೆಮನೆಯ ಸಣ್ಣ ತಕ್ಕಡಿ, ನಾಲ್ಕು ವಾರದ ತಾಳ್ಮೆ. ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ ತೂಕ ನೋಡಿ ಬರೆದಿಡಿ. ಒಂದೊಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಹಿಂದಿನ ರಾತ್ರಿಯ ಉಪ್ಪಿನಕಾಯಿ, ಮದುವೆ ಊಟ, ಕಡಿಮೆ ನಿದ್ದೆ ಇವುಗಳಿಂದಲೇ ನೀರಿನ ತೂಕ ಒಂದು ಕಿಲೊ ಅತ್ತಿತ್ತ ಆಗುತ್ತದೆ. ಏಳು ದಿನದ ಸರಾಸರಿಯನ್ನು ಮಾತ್ರ ಹೋಲಿಸಿ. ಮುಟ್ಟಾಗುವ ಹೆಂಗಸರು ಈ ತಿಂಗಳ ವಾರವನ್ನು ಕಳೆದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ಹೊಸದಾಗಿ ಜಿಮ್ ಸೇರಿದವರು ಮೊದಲ ಎರಡು ಮೂರು ವಾರವನ್ನು ಲೆಕ್ಕಕ್ಕೆ ಹಿಡಿಯಬಾರದು, ದುಡಿದ ಸ್ನಾಯು ನೀರು ಹಿಡಿದುಕೊಂಡಿರುತ್ತದೆ.

ತಿಂದದ್ದನ್ನೂ ಬರೆಯಬೇಕು. ಅನ್ನ, ಮುದ್ದೆ, ಚಪಾತಿಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ದೊಡ್ಡ ತಪ್ಪಾಗುವುದಿಲ್ಲ. ತಪ್ಪುವುದು ಎಣ್ಣೆ, ತುಪ್ಪ, ಕಾಯಿತುರಿ, ಶೇಂಗಾದಲ್ಲಿ. ಒಗ್ಗರಣೆಗೆ ಬಾಟಲಿಯಿಂದ ಬಗ್ಗಿಸಿದ ಎಣ್ಣೆ ಒಂದು ಊಟದ ಚಮಚ ಹೆಚ್ಚಾದರೆ 120 ಕ್ಯಾಲರಿ ಹೆಚ್ಚಾದಂತೆ. ಎಣ್ಣೆ ಡಬ್ಬಿಯನ್ನು ವಾರದ ಮೊದಲು ಮತ್ತು ಕೊನೆಗೆ ತೂಗಿ, ಮನೆಯ ಜನರಿಗೆ ಹಂಚಿದರೆ ಒಬ್ಬೊಬ್ಬರ ಪಾಲು ಸಿಗುತ್ತದೆ. ಹೋಟೆಲಿನ ದೋಸೆಯ ಲೆಕ್ಕ ಸಿಗುವುದಿಲ್ಲ. ಆ ನಾಲ್ಕು ವಾರ ಹೊರಗಿನ ಊಟ ಕಡಿಮೆ ಇದ್ದಷ್ಟೂ ಒಳ್ಳೆಯದು.

ನಾಲ್ಕು ವಾರದಲ್ಲಿ ನಮ್ಮ ಉದ್ಯೋಗಿ ದಿನಕ್ಕೆ ಸರಾಸರಿ 2,480 ಕ್ಯಾಲರಿ ತಿಂದರು, ಸರಾಸರಿ ತೂಕ ಅರ್ಧ ಕಿಲೊ ಏರಿತು ಎಂದುಕೊಳ್ಳೋಣ. ಅರ್ಧ ಕಿಲೊ ಎಂದರೆ 3,850 ಕ್ಯಾಲರಿ. 28 ದಿನಕ್ಕೆ ಹಂಚಿದರೆ ದಿನಕ್ಕೆ 137. ತಿಂದ 2,480ರಲ್ಲಿ ಇದನ್ನು ಕಳೆದರೆ ಅವರ ನಿಜವಾದ ಖರ್ಚು 2,343. ಬಿಎಂಆರ್ 1,655ರಿಂದ ಭಾಗಿಸಿದರೆ 1.42. ಇದು ಯಾರೋ ಮಾಡಿದ ಪಟ್ಟಿಯ ಸಂಖ್ಯೆಯಲ್ಲ, ಅವರದೇ ದೇಹ ಹೇಳಿದ್ದು. ಬಿಎಂಆರ್ ಸೂತ್ರ ಸ್ವಲ್ಪ ತಪ್ಪಿದ್ದರೂ ಆ ತಪ್ಪು ಇದರೊಳಗೇ ಕರಗಿಹೋಗುತ್ತದೆ, ಏಕೆಂದರೆ ನಮಗೆ ಕೊನೆಗೆ ಬೇಕಾದದ್ದು 2,343 ಎಂಬ ಅಂಕಿ ಮಾತ್ರ.

ಈ ಲೆಕ್ಕದಲ್ಲಿ ಗುಣಕ 1.1ರಷ್ಟು ಬಂದರೆ ಗಾಬರಿ ಬೇಡ. ಓಡಾಡಿಕೊಂಡಿರುವ ಮನುಷ್ಯನಿಗೆ ಅದು ಸಾಧ್ಯವಿಲ್ಲ. ಎಣ್ಣೆಯೋ ಸಂಜೆಯ ಕುರುಕಲೋ ಪಟ್ಟಿಯಿಂದ ಬಿಟ್ಟುಹೋಗಿದೆ ಎಂದೇ ಅದರ ಅರ್ಥ. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ, ತಾವು ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿತ್ತು. ಅವರ ದೇಹ ಸಹಜವಾಗಿಯೇ ಶಕ್ತಿ ಖರ್ಚು ಮಾಡುತ್ತಿತ್ತು. ಆದರೆ ಅವರು ತಿಂದದ್ದನ್ನು ಸರಾಸರಿ ಶೇಕಡಾ 47ರಷ್ಟು ಕಡಿಮೆ ಬರೆದಿದ್ದರು, ಚಟುವಟಿಕೆಯನ್ನು ಶೇಕಡಾ 51ರಷ್ಟು ಹೆಚ್ಚು ಹೇಳಿದ್ದರು.

ಎಲ್ಲ ಆಫೀಸಿನವರಿಗೂ 1.4 ಎಂದು ನಾನು ಹೇಳುತ್ತಿಲ್ಲ. ಮ್ಯಾರಥಾನಿಗೆ ತಯಾರಾಗುತ್ತಾ ವಾರಕ್ಕೆ 60 ಕಿ.ಮೀ. ಓಡುವವರ ಲೆಕ್ಕವೇ ಬೇರೆ. ಓಟಕ್ಕೆ ಪ್ರತಿ ಕಿಲೊ ತೂಕಕ್ಕೆ, ಪ್ರತಿ ಕಿ.ಮೀ.ಗೆ ಸುಮಾರು ಒಂದು ಕ್ಯಾಲರಿ ಬೇಕು. 75 ಕಿಲೊ ತೂಗುವವರಿಗೆ ದಿನಕ್ಕೆ ಆರುನೂರಕ್ಕೂ ಹೆಚ್ಚಾಗುತ್ತದೆ. ಅವರು ಕಡಿಮೆ ತಿಂದರೆ ಗಾಯ, ಮುಟ್ಟಿನ ಏರುಪೇರು, ಮೂಳೆ ಸವೆತದ ಅಪಾಯವಿದೆ. ಬಸುರಿಯರು, ಬಾಣಂತಿಯರು, ಊಟದ ಬಗ್ಗೆ ಅತಿಯಾದ ಭಯ ಕಾಡುವವರು ಈ ತಕ್ಕಡಿಯ ಲೆಕ್ಕಕ್ಕೆ ಕೈಹಾಕುವುದೇ ಬೇಡ.

ಗುಣಕವನ್ನೇ ಮೇಲೇರಿಸುವ ಆಸೆ ಇರುವವರಿಗೆ ಜಿಮ್‌ಗಿಂತ ನಡಿಗೆಯಲ್ಲಿ ಹೆಚ್ಚು ಅವಕಾಶವಿದೆ. ದಿನಕ್ಕೆ ಈಗಿನದಕ್ಕಿಂತ ಐದು ಕಿ.ಮೀ. ಹೆಚ್ಚು ನಡೆದರೆ 75 ಕಿಲೊ ದೇಹ ಹೆಚ್ಚುವರಿಯಾಗಿ ಖರ್ಚು ಮಾಡುವುದು 185 ಕ್ಯಾಲರಿಯಷ್ಟು. ವಾರಕ್ಕೆ ನಾಲ್ಕು ದಿನದ ಜಿಮ್‌ನ ಪಾಲು ದಿನಕ್ಕೆ ಹಂಚಿದರೆ 112. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಿ ಬರುವುದು, ಫೋನಿನಲ್ಲಿ ಮಾತಾಡುತ್ತಾ ಓಡಾಡುವುದು, ಊಟದ ನಂತರ ಒಂದು ಸುತ್ತು ಎಲ್ಲ ಸೇರಿದರೆ ಅಷ್ಟಾಗುತ್ತದೆ. ಬರಿದೆ ನಿಂತು ಕೆಲಸ ಮಾಡುವುದರಿಂದ ಸಿಗುವುದು ತೀರ ಅಲ್ಪ, ಕುಳಿತದ್ದಕ್ಕಿಂತ ಗಂಟೆಗೆ ಹತ್ತು ಕ್ಯಾಲರಿಯ ಆಸುಪಾಸು. ಜಿಮ್ ಬಿಡಬೇಕೆಂದು ಇದರ ಅರ್ಥವಲ್ಲ. ಸ್ನಾಯು ಉಳಿಸುವುದಕ್ಕೆ, ರಕ್ತದ ಸಕ್ಕರೆ ಹತೋಟಿಗೆ, ಹೃದಯಕ್ಕೆ ಅದು ಬೇಕೇ ಬೇಕು. ಹೆಚ್ಚುವರಿ ಊಟಕ್ಕೆ ಮಾತ್ರ ಅದನ್ನು ಕಾರಣ ಮಾಡಿಕೊಳ್ಳಬಾರದು.

ನಾಳೆ ಆ್ಯಪ್ ತೆರೆದಾಗ ಪಟ್ಟಿಯಲ್ಲಿ 1.375 ಆರಿಸಿ. ಕುರ್ಚಿ ಕೆಲಸ ಮಾಡಿ ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುವವರಿಗೆ ಅಲ್ಲಿರುವ ಆಯ್ಕೆಗಳಲ್ಲಿ ನಿಜಕ್ಕೆ ಹತ್ತಿರವಾದದ್ದು ಅದೇ. ವಾಚಿನ ಕ್ಯಾಲರಿಯನ್ನು ಊಟದ ಮಿತಿಗೆ ಸೇರಿಸುವ ಸೆಟ್ಟಿಂಗನ್ನು ಆಫ್ ಮಾಡಿಬಿಡಿ. ನಾಲ್ಕು ವಾರದ ಸರಾಸರಿ ತೂಕ ಇಳಿದರೆ ದಿನಕ್ಕೆ ನೂರು ಕ್ಯಾಲರಿ ಸೇರಿಸಿ, ಏರಿದರೆ ನೂರು ಕಳೆಯಿರಿ, ಹಾಗೇ ನಿಂತರೆ ತಿನ್ನುತ್ತಿರುವುದು ಸರಿಯಾಗಿದೆ.